ಬೆಣ್ಣೆಯ ಲೆಕ್ಕ: ವ್ಯಾಪಾರ ಸೃಷ್ಟಿ ಯಾವುದು, ಪಲ್ಲಟ ಯಾವುದು

ಸುಂಕ ಒಕ್ಕೂಟ ಎಂದರೆ ತಮ್ಮೊಳಗಿನ ಸುಂಕ ತೆಗೆದುಹಾಕಿ ಹೊರಗಿನವರ ಮೇಲೆ ಒಂದೇ ಸುಂಕ ಹಾಕುವ ದೇಶಗಳ ಕೂಟ. ಅದರ ಲೆಕ್ಕಕ್ಕೆ ಕೂತಾಗ ನಾನು ಮೊದಲು ಎರಡು ಕಾಲಂ ಎಳೆದುಕೊಳ್ಳುತ್ತೇನೆ. ಅಂಗಡಿಯಲ್ಲಿ ಗ್ರಾಹಕ ಕೊಡುವ ಬೆಲೆಗೆ ಒಂದು, ಆ ಸರಕನ್ನು ತರಿಸಲು ದೇಶ ಒಟ್ಟಾರೆ ತೆರುವ ವೆಚ್ಚಕ್ಕೆ ಇನ್ನೊಂದು. ಇವೆರಡೂ ಒಂದೇ ಎಂದುಕೊಂಡರೆ ಮುಂದಿನ ಲೆಕ್ಕವೆಲ್ಲ ದಾರಿ ತಪ್ಪುತ್ತದೆ. ಬೆಲೆಯೊಳಗೆ ಸುಂಕ ಸೇರಿರುತ್ತದೆ. ಆದರೆ ಸುಂಕ ದೇಶದ ಖರ್ಚಲ್ಲ, ಗ್ರಾಹಕನ ಜೇಬಿನಿಂದ ಸರ್ಕಾರದ ಬೊಕ್ಕಸಕ್ಕೆ ಹೋಗುವ ಹಣ.

ಒಕ್ಕೂಟ ಸೇರಿದ ಮೇಲೆ ವ್ಯಾಪಾರ ಎರಡು ರೀತಿಯಲ್ಲಿ ಬದಲಾಗಬಹುದು ಎಂದು 1950ರಲ್ಲಿ ಬಿಡಿಸಿ ಹೇಳಿದವರು ಅರ್ಥಶಾಸ್ತ್ರಜ್ಞ ಜೇಕಬ್ ವೈನರ್. ಮನೆಯಲ್ಲೇ ದುಬಾರಿಯಾಗಿ ಮಾಡುತ್ತಿದ್ದದ್ದನ್ನು ಬಿಟ್ಟು ಪಾಲುದಾರ ದೇಶದಿಂದ ಅಗ್ಗವಾಗಿ ತರಿಸಿದರೆ ಅದು ಸೃಷ್ಟಿ. ಹೊರಗಿನ ಅಗ್ಗದ ದೇಶವನ್ನು ಬಿಟ್ಟು ಅದಕ್ಕಿಂತ ದುಬಾರಿಯ ಪಾಲುದಾರನಿಂದ ತರಿಸಿದರೆ ಅದು ಪಲ್ಲಟ. ವ್ಯಾಖ್ಯಾನ ಇಷ್ಟೇ. ಕೋಷ್ಟಕಕ್ಕೆ ಇಳಿಸುವಾಗ ಎಡವುವುದೇ ಹೆಚ್ಚು.

ನಾನು ಇಟ್ಟುಕೊಳ್ಳುವ ಉದಾಹರಣೆ ಬ್ರಿಟನ್ನಿನ ಬೆಣ್ಣೆ. ಬ್ರಿಟನ್ 1973ರ ಜನವರಿ 1ರಂದು ಯೂರೋಪಿಯನ್ ಆರ್ಥಿಕ ಸಮುದಾಯ ಎಂಬ ಸುಂಕ ಒಕ್ಕೂಟವನ್ನು ಸೇರಿತು. ಅಲ್ಲಿಯವರೆಗೆ ಅದಕ್ಕೆ ಬೆಣ್ಣೆ ಕಳಿಸುತ್ತಿದ್ದ ದೊಡ್ಡ ದೇಶಗಳಲ್ಲಿ ನ್ಯೂಜಿಲೆಂಡ್ ಒಂದು. ಅಲ್ಲಿ ಹಸುಗಳು ವರ್ಷವಿಡೀ ಬಯಲಲ್ಲೇ ಮೇಯುತ್ತವೆ. ಕೊಟ್ಟಿಗೆಯ ಖರ್ಚು ಕಡಿಮೆ, ಚಳಿಗಾಲಕ್ಕೆ ಮೇವು ಕೂಡಿಡುವ ಖರ್ಚೂ ಕಡಿಮೆ. ಹಾಗಾಗಿ ಭೂಮಿಯ ಆ ತುದಿಯಿಂದ ಹಡಗಿನಲ್ಲಿ ಬಂದರೂ ಅದು ಅಗ್ಗ. ಸಮುದಾಯದ ಒಳಗಿನ ಪಾಲುದಾರನಾಗಿ ಫ್ರಾನ್ಸನ್ನು ಇಡುತ್ತೇನೆ. ಕೆಳಗಿನ ಅಂಕಿಗಳು ಇತಿಹಾಸದವಲ್ಲ, ತರ್ಕ ಕಾಣಲಿ ಎಂದು ನಾನು ಹಾಕಿಕೊಂಡವು. ಒಂದು ಪೆಟ್ಟಿಗೆ ಬೆಣ್ಣೆ ಬ್ರಿಟನ್ನಿನ ಬಂದರು ಮುಟ್ಟುವ ಹೊತ್ತಿಗೆ ಆಗುವ ವೆಚ್ಚ ಇದು: ಬ್ರಿಟನ್ನಿನದು 100, ಫ್ರಾನ್ಸಿನದು 80, ನ್ಯೂಜಿಲೆಂಡಿನದು 60.

"ಬಂದರು ಮುಟ್ಟುವ ಹೊತ್ತಿಗೆ" ಎಂದದ್ದು ಸುಮ್ಮನೆ ಅಲ್ಲ. ಡೈರಿಯ ಬಾಗಿಲಲ್ಲಿನ ವೆಚ್ಚವನ್ನೇ ಬರೆದುಬಿಟ್ಟರೆ ನ್ಯೂಜಿಲೆಂಡ್ ಇನ್ನಷ್ಟು ಅಗ್ಗವಾಗಿ ಕಾಣುತ್ತದೆ, ಪಲ್ಲಟದ ನಷ್ಟ ಇರುವುದಕ್ಕಿಂತ ದೊಡ್ಡದಾಗಿ ಬರುತ್ತದೆ. ಹಡಗು ಬಾಡಿಗೆ, ವಿಮೆ ಎರಡೂ ಸೇರಿರಬೇಕು.

ಈಗ ಬ್ರಿಟನ್ ಎಲ್ಲ ಹೊರಗಿನವರ ಮೇಲೂ ಒಂದೇ ದರದ ಸುಂಕ ಹಾಕಿದೆ ಎಂದುಕೊಳ್ಳೋಣ. ಒಕ್ಕೂಟಕ್ಕೆ ಸೇರಿದ ಮೇಲೆ ಫ್ರಾನ್ಸಿಗೆ ಸುಂಕವಿಲ್ಲ, ನ್ಯೂಜಿಲೆಂಡಿಗೆ ಅದೇ ದರ ಮುಂದುವರಿಯುತ್ತದೆ. ಸುಂಕದ ದರವನ್ನಷ್ಟೇ ಬದಲಿಸಿ ಮೂರು ಸಲ ಲೆಕ್ಕ ಹಾಕುತ್ತೇನೆ.

| ಸುಂಕದ ದರ | ಬ್ರಿಟನ್ | ಫ್ರಾನ್ಸ್, ಸುಂಕ ಸೇರಿ | ನ್ಯೂಜಿಲೆಂಡ್, ಸುಂಕ ಸೇರಿ | ಮೊದಲು ಕೊಂಡದ್ದು | ಒಕ್ಕೂಟದ ನಂತರ |
|---|---|---|---|---|---|
| 30% | 100 | 104 | 78 | ನ್ಯೂಜಿಲೆಂಡ್, 78 | ನ್ಯೂಜಿಲೆಂಡ್, 78 |
| 50% | 100 | 120 | 90 | ನ್ಯೂಜಿಲೆಂಡ್, 90 | ಫ್ರಾನ್ಸ್, 80 |
| 100% | 100 | 160 | 120 | ಬ್ರಿಟನ್, 100 | ಫ್ರಾನ್ಸ್, 80 |

ವೆಚ್ಚದ ಮೂರು ಅಂಕಿಗಳು ಎಲ್ಲ ಸಾಲಲ್ಲೂ ಅವೇ. ಉತ್ತರ ಮಾತ್ರ ಮೂರು ಬಗೆ. ಮೊದಲ ಸಾಲಿನಲ್ಲಿ ಏನೂ ಆಗುವುದಿಲ್ಲ, ಏಕೆಂದರೆ 78 ಇನ್ನೂ 80ಕ್ಕಿಂತ ಕಡಿಮೆ. ಮೂರನೇ ಸಾಲಿನಲ್ಲಿ ಮನೆಯ 100ರ ಬೆಣ್ಣೆ ಹೋಗಿ 80ರ ಬೆಣ್ಣೆ ಬಂತು. ಇದು ಸೃಷ್ಟಿ, ಪೆಟ್ಟಿಗೆಗೆ 20 ಉಳಿತಾಯ. ಎರಡನೇ ಸಾಲಿನಲ್ಲಿ 60ರ ಬೆಣ್ಣೆ ಹೋಗಿ 80ರ ಬೆಣ್ಣೆ ಬಂತು. ಇದು ಪಲ್ಲಟ, ಪೆಟ್ಟಿಗೆಗೆ 20 ನಷ್ಟ.

ಗಡಿ ಎಲ್ಲಿದೆ ಎಂದು ತಿಳಿಯಲು ಭಾಗಾಕಾರ ಸಾಕು. 80ನ್ನು 60ರಿಂದ ಭಾಗಿಸಿದರೆ 1.333, ಅಂದರೆ ಸುಂಕ 33.3% ದಾಟಿದ ಮೇಲಷ್ಟೇ ಫ್ರಾನ್ಸ್ ನ್ಯೂಜಿಲೆಂಡನ್ನು ಹಿಂದೆ ಹಾಕುತ್ತದೆ. 100ನ್ನು 60ರಿಂದ ಭಾಗಿಸಿದರೆ 1.667, ಅಂದರೆ 66.7% ದಾಟಿದರೆ ಒಕ್ಕೂಟಕ್ಕೆ ಮೊದಲೇ ನ್ಯೂಜಿಲೆಂಡ್ ಬೆಣ್ಣೆ ಬ್ರಿಟನ್ನಿಗೆ ಬರುತ್ತಿರಲಿಲ್ಲ. ಈ ಎರಡರ ನಡುವೆ ಸುಂಕ ಇದ್ದರೆ ಪಲ್ಲಟ, ಮೇಲಿದ್ದರೆ ಸೃಷ್ಟಿ, ಕೆಳಗಿದ್ದರೆ ಏನೂ ಇಲ್ಲ. ಮೊದಲಿನ ಸುಂಕ ಅತಿಯಾಗಿದ್ದ ದೇಶಕ್ಕೇ ಒಕ್ಕೂಟ ಒಳ್ಳೆಯದು ಮಾಡುತ್ತದೆ ಎಂಬ ವಿಚಿತ್ರ ಉತ್ತರ ಬರುವುದು ಇಲ್ಲಿಂದಲೇ. ಮನೆ ಬಾಗಿಲನ್ನು ಪೂರ್ತಿ ಮುಚ್ಚಿದ್ದವನಿಗೆ ಕಿಟಕಿ ತೆರೆದರೂ ಗಾಳಿ ಬರುತ್ತದಲ್ಲ.

ಎರಡನೇ ಸಾಲನ್ನು ಇನ್ನೊಮ್ಮೆ ನೋಡಿ. ಬೆಲೆ 90ರಿಂದ 80ಕ್ಕೆ ಇಳಿದಿದೆ. ಬೆಲೆಯ ಕಾಲಂ ಒಂದನ್ನೇ ನೋಡಿದವರು "ಗ್ರಾಹಕರಿಗೆ ಲಾಭವಾಯಿತು, ಹಾಗಾಗಿ ಸೃಷ್ಟಿ" ಎಂದು ಬರೆದುಬಿಡುತ್ತಾರೆ. ಉತ್ತರ ಪತ್ರಿಕೆಗಳಲ್ಲಿ ನನಗೆ ಅತಿ ಹೆಚ್ಚು ಸಿಗುವ ತಪ್ಪು ಇದು. ಗ್ರಾಹಕನಿಗೆ 10 ಉಳಿದದ್ದು ನಿಜ. ಆದರೆ ಮೊದಲು ಪ್ರತಿ ಪೆಟ್ಟಿಗೆಗೆ ಬೊಕ್ಕಸಕ್ಕೆ 30 ಬರುತ್ತಿತ್ತು, ಈಗ ಸೊನ್ನೆ. ಆ 30ರಲ್ಲಿ 10 ಗ್ರಾಹಕನ ಕೈ ಸೇರಿತು, ಉಳಿದ 20 ಫ್ರಾನ್ಸಿನ ಹೆಚ್ಚಿನ ವೆಚ್ಚಕ್ಕೆ ಹೋಯಿತು. ಆ 20 ಬ್ರಿಟನ್ನಿನಲ್ಲಿ ಯಾರ ಕೈಗೂ ಸೇರಲಿಲ್ಲ.

ಹಾಗಂತ ಪಲ್ಲಟವಾದಲ್ಲೆಲ್ಲ ಒಟ್ಟು ನಷ್ಟವೇ ಎಂದೂ ಹೇಳುವಂತಿಲ್ಲ. ಬೆಲೆ ಇಳಿದಾಗ ಜನ ಹೆಚ್ಚು ಕೊಳ್ಳುತ್ತಾರೆ, ಮನೆಯ ದುಬಾರಿ ಉತ್ಪಾದನೆ ಸ್ವಲ್ಪ ನಿಲ್ಲುತ್ತದೆ. ಅಂದರೆ ಪಲ್ಲಟದ ಹೊಟ್ಟೆಯೊಳಗೇ ಸ್ವಲ್ಪ ಸೃಷ್ಟಿ ಇರುತ್ತದೆ. ಇದನ್ನು ಬಿಡಿಸಲು ಪ್ರಮಾಣ ಬೇಕು. ಹಾಗಾಗಿ ಎರಡನೇ ಹಂತದಲ್ಲಿ ಬ್ರಿಟನ್ನಿಗೆ 100 ಎಂಬ ಒಂಟಿ ಅಂಕಿಯನ್ನು ಬಿಟ್ಟುಬಿಡುತ್ತೇನೆ. ಒಳ್ಳೆ ಹುಲ್ಲುಗಾವಲು ಇರುವ ಕೆಲವು ರೈತರಿಗೆ ಕಡಿಮೆ ಬೆಲೆಯೂ ಗಿಟ್ಟುತ್ತದೆ, ಉಳಿದವರಿಗೆ ಇಲ್ಲ. 50% ಸುಂಕದ ಸಾಲಿಗೆ ಹೀಗೆ ಇಡೋಣ:

| | ಬೆಲೆ | ಬೇಡಿಕೆ | ಮನೆಯ ಉತ್ಪಾದನೆ | ಆಮದು | ಆಮದಿನ ವೆಚ್ಚ |
|---|---|---|---|---|---|
| ಮೊದಲು | 90 | 100 | 30 | 70 | 60 |
| ನಂತರ | 80 | 110 | 20 | 90 | 80 |

ಆಮದು 70ರಿಂದ 90ಕ್ಕೆ ಏರಿದೆ. ಈ 90ನ್ನು ಒಂದೇ ಗುಡ್ಡೆ ಹಾಕಬಾರದು. ಮೊದಲೇ ಬರುತ್ತಿದ್ದ 70 ಪೆಟ್ಟಿಗೆಗಳು ಮಾರುವವರನ್ನಷ್ಟೇ ಬದಲಿಸಿದವು, ಅವು ಪಲ್ಲಟ. ಹೊಸದಾಗಿ ಬಂದ 20 ಸೃಷ್ಟಿ. ಅದರಲ್ಲಿ 10 ಪೆಟ್ಟಿಗೆ ಮನೆಯ ಉತ್ಪಾದನೆ ಇಳಿದದ್ದರಿಂದ, 10 ಜನ ಹೆಚ್ಚು ಕೊಂಡದ್ದರಿಂದ.

ಪಲ್ಲಟದ ನಷ್ಟ: 70 × (80 − 60) = 1400.
ಉತ್ಪಾದನೆಯ ಕಡೆಯ ಲಾಭ: ½ × 10 × 10 = 50.
ಬಳಕೆಯ ಕಡೆಯ ಲಾಭ: ½ × 10 × 10 = 50.
ನಿವ್ವಳ: 100 − 1400 = −1300.

ಲಾಭಕ್ಕೆ ಅರ್ಧ ಹಾಕುವುದು ಯಾಕೆಂದರೆ, ಹೊಸ ಪೆಟ್ಟಿಗೆಗಳಲ್ಲಿ ಮೊದಲನೆಯದರಿಂದ ಸಿಗುವ ಉಳಿತಾಯ ಸುಮಾರು 10, ಕೊನೆಯದರಿಂದ ಸುಮಾರು ಸೊನ್ನೆ. ಸರಾಸರಿ 5. ಪಲ್ಲಟಕ್ಕೆ ಅರ್ಧವಿಲ್ಲ, ಏಕೆಂದರೆ ಆ 70ರಲ್ಲಿ ಪ್ರತಿಯೊಂದಕ್ಕೂ ಪೂರ್ತಿ 20 ಹೆಚ್ಚು ತೆತ್ತಿದ್ದೇವೆ.

ಈ ಉತ್ತರವನ್ನು ಇನ್ನೊಂದು ದಾರಿಯಿಂದ ತಾಳೆ ನೋಡದೆ ನಾನು ಮುಂದೆ ಹೋಗುವುದಿಲ್ಲ. ಗ್ರಾಹಕರ ಲಾಭ 10 × (100 + 110) ÷ 2 = 1050. ಮನೆಯ ಉತ್ಪಾದಕರ ನಷ್ಟ 10 × (30 + 20) ÷ 2 = 250. ಹೋದ ಸುಂಕ 30 × 70 = 2100. 1050 − 250 − 2100 = −1300. ತಾಳೆಯಾಯಿತು. ಆಗದಿದ್ದರೆ ಸಾಮಾನ್ಯವಾಗಿ ಸುಂಕವನ್ನು ಹೊಸ ಆಮದು 90ರಿಂದ ಗುಣಿಸಿರುತ್ತಾರೆ. ಕಳೆದುಕೊಂಡದ್ದು ಹಳೆಯ 70ರ ಮೇಲಿನ ಸುಂಕ.

ಫ್ರಾನ್ಸಿನ ವೆಚ್ಚ ಎಷ್ಟಕ್ಕೆ ಇಳಿದರೆ ಬ್ರಿಟನ್ನಿಗೆ ನಿವ್ವಳ ಲಾಭವಾದೀತು ಎಂದೂ ಇದೇ ಕೋಷ್ಟಕದಿಂದ ತೆಗೆಯಬಹುದು. ಬೆಲೆ 1 ಇಳಿದರೆ ಬೇಡಿಕೆ 1 ಏರುತ್ತದೆ, ಉತ್ಪಾದನೆ 1 ಇಳಿಯುತ್ತದೆ ಎಂಬ ಅದೇ ಲೆಕ್ಕದಲ್ಲಿ ಫ್ರಾನ್ಸ್ 68 ಆದರೆ ನಷ್ಟ 560, ಲಾಭ 484. 67 ಆದರೆ ನಷ್ಟ 490, ಲಾಭ 529. ಅಲ್ಲಿಗೆ ತಕ್ಕಡಿ ವಾಲಿತು. ಪಾಲುದಾರನ ವೆಚ್ಚ ಹೊರಗಿನವನ ವೆಚ್ಚಕ್ಕೆ ಹತ್ತಿರವಿದ್ದಷ್ಟೂ ಪಲ್ಲಟದ ಪೆಟ್ಟು ಸಣ್ಣದು.

ಇಲ್ಲಿಯವರೆಗಿನ ಕೋಷ್ಟಕದಲ್ಲಿ ಒಂದು ಸುಳ್ಳಿದೆ: ಒಕ್ಕೂಟ ಸೇರಿದ ಮೇಲೂ ಹೊರಗಿನವರ ಮೇಲೆ ಹಳೆಯ ಸುಂಕವೇ ಇರುತ್ತದೆ ಎಂದು ಹಿಡಿದದ್ದು. ಸುಂಕ ಒಕ್ಕೂಟದಲ್ಲಿ ಎಲ್ಲ ಸದಸ್ಯರಿಗೂ ಒಂದೇ ಹೊರಸುಂಕ. ಯೂರೋಪಿನ ಸಮುದಾಯ ಅದನ್ನು 1968ರ ಜುಲೈನಲ್ಲೇ ಜಾರಿಗೆ ತಂದಿತ್ತು. ತಡವಾಗಿ ಬಂದ ಬ್ರಿಟನ್ ಅದನ್ನೇ ಒಪ್ಪಿಕೊಳ್ಳಬೇಕಾಯಿತು. ಬೆಣ್ಣೆಯಲ್ಲಂತೂ ಅದು ನಿಂತ ದರದ ಸುಂಕವಾಗಿರಲಿಲ್ಲ. ಹೊರಗಿನ ಬೆಲೆ ಇಳಿದಷ್ಟೂ ಏರುವ ಲೆವಿ ಅದು, ಒಳಗಿನ ಬೆಲೆಗೆ ಸರಿಗಟ್ಟುವವರೆಗೆ. ಆ ಕಡೆ ಬ್ರಿಟನ್ ಮೊದಲು ನ್ಯೂಜಿಲೆಂಡ್ ಬೆಣ್ಣೆಯನ್ನು ಕೋಟಾದೊಳಗೆ ಸುಂಕವಿಲ್ಲದೆ ಬಿಟ್ಟುಕೊಳ್ಳುತ್ತಿತ್ತು.

ಹಾಗಾಗಿ ನಿಜದ ಆಕಾರಕ್ಕೆ ಹತ್ತಿರವಾದ ಸಾಲು ಬೇರೆ. ಮೊದಲು ನ್ಯೂಜಿಲೆಂಡ್ 60, ಸುಂಕ ಸೊನ್ನೆ, ಬೆಲೆ 60. ನಂತರ ಲೆವಿ ಸೇರಿ ನ್ಯೂಜಿಲೆಂಡ್ 80 ದಾಟಿತು, ಕೊಂಡದ್ದು ಫ್ರಾನ್ಸಿನಿಂದ, ಬೆಲೆ 80. ಇಲ್ಲಿ ವೆಚ್ಚವೂ ಏರಿತು, ಬೆಲೆಯೂ ಏರಿತು. ಗ್ರಾಹಕನಿಗೆ ಸಿಗುತ್ತಿದ್ದ ಆ 10ರ ಸಮಾಧಾನವೂ ಇಲ್ಲ, ಆಮದು ಏರುವ ಬದಲು ಇಳಿಯುತ್ತದೆ, ಮನೆಯ ದುಬಾರಿ ಉತ್ಪಾದನೆ ಕುಗ್ಗುವ ಬದಲು ಹಿಗ್ಗುತ್ತದೆ. ಸೃಷ್ಟಿಯಿಂದ ಬಂದ ಆ ಎರಡು ಸಣ್ಣ ಲಾಭಗಳೂ ನಷ್ಟದ ಕಡೆಗೆ ತಿರುಗುತ್ತವೆ. ಆದ್ದರಿಂದ "ನಂತರ" ಎಂಬ ಸಾಲು ಬರೆಯುವ ಮೊದಲು ಹೊರಗಿನ ದೇಶದ ಬೆಲೆಯನ್ನು ಹೊಸ ಹೊರಸುಂಕ ಹಾಕಿ ಮತ್ತೆ ಲೆಕ್ಕ ಮಾಡಲೇಬೇಕು.

ಬೊಕ್ಕಸದ ಕಾಲಂ ಕೂಡ ಬದಲಾಗುತ್ತದೆ. ಒಕ್ಕೂಟದ ಹೊರಸುಂಕ ಮತ್ತು ಲೆವಿ ಸಮುದಾಯದ ಬಜೆಟ್ಟಿಗೆ ಸೇರಬೇಕೆಂದು 1970ರಲ್ಲೇ ತೀರ್ಮಾನವಾಗಿತ್ತು. ವಸೂಲಿ ಖರ್ಚಿಗೆಂದು ಹತ್ತನೇ ಒಂದು ಭಾಗ ಮಾತ್ರ ಆಗ ಸದಸ್ಯ ದೇಶಕ್ಕೆ ವಾಪಸ್ ಬರುತ್ತಿತ್ತು. ಆದ್ದರಿಂದ ನಂತರವೂ ಬರುವ ನ್ಯೂಜಿಲೆಂಡ್ ಬೆಣ್ಣೆಯ ಮೇಲಿನ ಲೆವಿಯನ್ನು ಬ್ರಿಟನ್ನಿನ ಆದಾಯ ಎಂದು ಬರೆದರೆ ತಪ್ಪು.

ನಂತರವೂ ಅದು ಬಂದದ್ದು ಹೌದು. ಸೇರ್ಪಡೆ ಒಪ್ಪಂದದ 18ನೇ ಪ್ರೋಟೋಕಾಲ್ ನ್ಯೂಜಿಲೆಂಡಿಗೆ ಇಳಿಯುತ್ತಾ ಹೋಗುವ ಕೋಟಾ ಕೊಟ್ಟಿತು: ಬೆಣ್ಣೆಗೆ 1973ರಲ್ಲಿ ಸುಮಾರು 1.66 ಲಕ್ಷ ಟನ್, 1977ಕ್ಕೆ ಸುಮಾರು 1.38 ಲಕ್ಷ ಟನ್. ಹಾಗಾಗಿ 1972 ಮತ್ತು 1974ರ ಆಮದು ಪಕ್ಕಪಕ್ಕ ಇಟ್ಟು ಪಲ್ಲಟ ಇಷ್ಟೇ ಎಂದರೆ ಲೆಕ್ಕ ಕಡಿಮೆ ಬರುತ್ತದೆ. ಕೋಟಾ ಇರುವ ಕಡೆ ನಾನು ಹೊರಗಿನ ದೇಶವನ್ನು ಎರಡು ಸಾಲಾಗಿ ಸೀಳುತ್ತೇನೆ. ಕೋಟಾದೊಳಗಿನ ಪ್ರಮಾಣಕ್ಕೆ ಒಂದು ದರ, ಅದರಾಚೆಗೆ ಪೂರ್ತಿ ಲೆವಿ.

ಪಲ್ಲಟದ ಜೊತೆ ಕಲಸಿಬಿಡುವ ಇನ್ನೊಂದು ಸಂಗತಿ ನಮ್ಮ ಕಾಳುಮೆಣಸಿನದು. ವಿಯೆಟ್ನಾಂ ಮೆಣಸು ಶ್ರೀಲಂಕಾದ ಹೆಸರಿನಲ್ಲಿ ಸುಂಕ ತಪ್ಪಿಸಿ ಬರುತ್ತಿದೆ ಎಂದು ಕೊಡಗು, ಚಿಕ್ಕಮಗಳೂರಿನ ಬೆಳೆಗಾರರು ದೂರಿದ್ದರು. 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಮೆಣಸಿಗೆ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆ ಕಟ್ಟಿತು. ಭಾರತ–ಶ್ರೀಲಂಕಾ ನಡುವಿನದು ಮುಕ್ತ ವ್ಯಾಪಾರ ಒಪ್ಪಂದ, ಸುಂಕ ಒಕ್ಕೂಟವಲ್ಲ. ಅಲ್ಲಿ ಎರಡೂ ದೇಶಕ್ಕೆ ಸೇರಿದ ಒಂದೇ ಹೊರಸುಂಕವಿಲ್ಲ, ಅದಕ್ಕೇ ಸರಕಿನ ಮೂಲದ ಪ್ರಮಾಣಪತ್ರ ಬೇಕು. ಆ ದೂರಿನಲ್ಲಿರುವಂತೆ ಬೆಳೆದ ದೇಶ ಬದಲಾಗದೆ ದಾರಿ ಮಾತ್ರ ಬದಲಾದರೆ ವೆಚ್ಚದ ಕೋಷ್ಟಕದಲ್ಲಿ ಮೂಲ ದೇಶ ವಿಯೆಟ್ನಾಮೇ. ಅದನ್ನು ಶ್ರೀಲಂಕಾದ ಸಾಲಿನಲ್ಲಿ ಬರೆದರೆ ಇಲ್ಲದ ಪಲ್ಲಟ ಕಾಣಿಸುತ್ತದೆ.