ಸಿಎನ್‌ಸಿ ಲೇತ್‌ಗೆ ಕೊಟೇಷನ್ ಕೇಳಿ ನಾನು ಬರೆದ ಪತ್ರ

ಪೀಣ್ಯದ ನಮ್ಮ ಶೆಡ್‌ಗೆ ಒಂದು ಸಿಎನ್‌ಸಿ ಲೇತ್ ತರಬೇಕೆಂದು ತೀರ್ಮಾನವಾದಾಗ ಮೂರು ಕಂಪನಿಗಳಿಗೆ ಒಂದೇ ಪತ್ರ ಕಳಿಸಿದೆ. ಫೋನ್ ಮಾಡಿದರೂ ರೇಟು ಹೇಳುತ್ತಾರೆ, ವಾಟ್ಸಾಪ್‌ಗೆ ಬ್ರೋಷರ್ ಹಾಕುತ್ತಾರೆ. ಆದರೆ ಹಾಗೆ ಬಂದ ರೇಟುಗಳನ್ನು ಪಕ್ಕಪಕ್ಕ ಇಟ್ಟು ನೋಡಲು ಬರುವುದಿಲ್ಲ. ಒಬ್ಬರು ಚಿಪ್ ಕನ್ವೇಯರ್ ಸೇರಿಸಿ ಹೇಳಿರುತ್ತಾರೆ, ಇನ್ನೊಬ್ಬರು ಬರೀ ಮಷಿನ್‌ಗೆ ಹೇಳಿರುತ್ತಾರೆ. ಪತ್ರದಲ್ಲಿ ಕೇಳುವವರು ನಾವೇ ಆದ್ದರಿಂದ ಏನೇನು ಸೇರಬೇಕು ಎಂಬುದನ್ನೂ ನಾವೇ ಗೊತ್ತುಮಾಡಬಹುದು.

ಮಾಡೆಲ್ ಹೆಸರಿನಿಂದ ನಾನು ಪತ್ರ ಶುರುಮಾಡಲಿಲ್ಲ, ಜಾಬ್‌ನಿಂದ ಶುರುಮಾಡಿದೆ. ಮೊದಲ ಪ್ಯಾರಾ ಹೀಗಿತ್ತು:

"ಮಾನ್ಯರೇ, ಡ್ರಾಯಿಂಗ್ ಲಗತ್ತಿಸಿರುವ ಶಾಫ್ಟ್ ತಯಾರಿಸಲು ನಮಗೆ ಎರಡು ಆಕ್ಸಿಸ್‌ನ ಒಂದು ಸಿಎನ್‌ಸಿ ಲೇತ್ ಬೇಕಾಗಿದೆ. ಮೆಟೀರಿಯಲ್ ಇಎನ್8, ಕಚ್ಚಾ ಬಾರ್ 45 ಮಿ.ಮೀ. ಬೇರಿಂಗ್ ಕೂರುವ ಜಾಗ 25 ಮಿ.ಮೀ., ಎಚ್6 ಟಾಲರೆನ್ಸ್. ತಿಂಗಳಿಗೆ 4,000 ಪೀಸ್ ಬೇಕು. ಈ ಕೆಲಸಕ್ಕೆ ಯಾವ ಮಾಡೆಲ್ ಸೂಕ್ತವೆಂದು ನೀವೇ ಸೂಚಿಸಿ, ಎರಡೂ ಬದಿ ಸೇರಿ ಒಂದು ಪೀಸ್‌ಗೆ ಲೋಡಿಂಗ್, ಅನ್‌ಲೋಡಿಂಗ್ ಸಮೇತ ಎಷ್ಟು ಸಮಯ ಹಿಡಿಯುತ್ತದೆಂದು ಬರೆದು ತಿಳಿಸಬೇಕು."

ಸಮಯವನ್ನು ಬರವಣಿಗೆಯಲ್ಲಿ ಕೇಳಲು ಕಾರಣವಿದೆ. ತಿಂಗಳಿಗೆ 25 ದಿನ, ಎರಡು ಶಿಫ್ಟ್, ಶಿಫ್ಟಿಗೆ ನಿಜವಾಗಿ ಮಷಿನ್ ಓಡುವುದು 7 ಗಂಟೆ ಅಂದುಕೊಂಡರೆ ಸಿಗುವುದು 350 ಗಂಟೆ, ಅಂದರೆ 21,000 ನಿಮಿಷ. ಅದನ್ನು 4,000ದಿಂದ ಭಾಗಿಸಿದರೆ ಒಂದು ಪೀಸ್‌ಗೆ ಐದೂಕಾಲು ನಿಮಿಷ. ಬರೀ ಸೈಕಲ್ ಟೈಮ್ ಕೇಳಿದರೆ ಟೂಲ್ ಮೆಟೀರಿಯಲ್ ಕತ್ತರಿಸುವ ಸಮಯವನ್ನಷ್ಟೇ ಹೇಳುತ್ತಾರೆ. ಚಕ್ ಬಿಚ್ಚಿ, ಪೀಸ್ ತೆಗೆದು, ಒರೆಸಿ, ಇನ್ನೊಂದನ್ನು ಹಿಡಿಸುವ ಹೊತ್ತು ಅದರಲ್ಲಿರುವುದಿಲ್ಲ, ಎರಡು ಬದಿಗೆ ಎರಡು ಸಲ ಅದು ಕೂಡಿಕೊಳ್ಳುತ್ತದೆ. ಒಂದು ಕಂಪನಿ ಫೋನ್‌ನಲ್ಲಿ ಮೂರೂವರೆ ನಿಮಿಷ ಎಂದಿತ್ತು; ಪತ್ರಕ್ಕೆ ಉತ್ತರ ಬಂದಾಗ ಅದು ನಾಲ್ಕು ಮುಕ್ಕಾಲು ಆಗಿತ್ತು. ಆಗಲೂ ನಮ್ಮ ಲೆಕ್ಕಕ್ಕೆ ಸಾಲುತ್ತಿತ್ತು, ಆದರೆ ಉಳಿದದ್ದು ಅರ್ಧ ನಿಮಿಷ ಮಾತ್ರ.

ಎಚ್6 ಅಂದರೆ 25 ಮಿ.ಮೀ.ನಲ್ಲಿ ಸೈಜ್ 24.987ರಿಂದ 25.000ದ ಒಳಗಿರಬೇಕು. ಒಟ್ಟು 13 ಮೈಕ್ರಾನ್. ಬೆಳಗ್ಗೆ ತಣ್ಣಗಿದ್ದ ಮಷಿನ್ ಓಡುತ್ತಾ ಬಿಸಿಯಾದಂತೆ ಸ್ಪಿಂಡಲ್, ಬಾಲ್‌ಸ್ಕ್ರೂ ಹಿಗ್ಗಿ ಸೈಜ್ ನಿಧಾನಕ್ಕೆ ಜರುಗುತ್ತದೆ. ಹಾಗೆ ಆರೇಳು ಮೈಕ್ರಾನ್ ಜರುಗಿದರೆ ಅರ್ಧ ಟಾಲರೆನ್ಸ್ ಅಲ್ಲೇ ಹೋಯಿತು. ಬಿಸಿಯಾದ ಮಷಿನ್‌ನಲ್ಲಿ ಐದು ಪೀಸ್ ತಿರುಗಿಸಿ ತೋರಿಸಿದರೆ ಇದು ಕಾಣುವುದೇ ಇಲ್ಲ. ಅದಕ್ಕೇ ಪತ್ರದಲ್ಲಿ ಈ ಸಾಲು ಹಾಕಿದೆ: "ರವಾನೆಗೆ ಮೊದಲು ನಿಮ್ಮ ಕಾರ್ಖಾನೆಯಲ್ಲಿ, ನಮ್ಮ ಬಾರ್‌ನಿಂದ, ಮಷಿನ್ ತಣ್ಣಗಿರುವಾಗಿನಿಂದ ಆರಂಭಿಸಿ, ಆಫ್‌ಸೆಟ್ ಮುಟ್ಟದೆ ಸತತ 30 ಪೀಸ್ ನಮ್ಮ ಎದುರಿಗೆ ತಿರುಗಿಸಿ ತೋರಿಸಬೇಕು." ಮೂವರಲ್ಲಿ ಇಬ್ಬರು ಹಾಗೆಯೇ ಒಪ್ಪಿದರು. ಮೂರನೆಯವರು ಅರ್ಧ ಗಂಟೆ ವಾರ್ಮಪ್ ಆದ ಮೇಲೆ ಎಂದು ಬರೆದರು. ಅದು ತಪ್ಪಲ್ಲ, ಆದರೆ ಶಿಫ್ಟಿಗೆ ಮುಂಚೆ ಅಷ್ಟು ಹೊತ್ತು ಖಾಲಿ ಓಡಿಸಬೇಕಾಗುತ್ತದೆ ಎಂಬುದು ನಮಗೆ ಮೊದಲೇ ತಿಳಿಯಿತು.

ಬೆಲೆಯ ವಿಷಯದಲ್ಲಿ ಒಟ್ಟು ಮೊತ್ತ ಬೇಡ, ಒಂದೊಂದಕ್ಕೂ ಬೇರೆ ಬೇರೆ ಬೆಲೆ ಕೊಡಿ ಎಂದು ಕೇಳಿದೆ: ಮಷಿನ್, ಹೈಡ್ರಾಲಿಕ್ ಚಕ್, ಟೂಲ್ ಹೋಲ್ಡರ್ ಸೆಟ್, ಚಿಪ್ ಕನ್ವೇಯರ್, ಸ್ಟೆಬಿಲೈಸರ್, ಸಾಗಣೆ ಮತ್ತು ವಿಮೆ, ಜಿಎಸ್‌ಟಿ. ಉತ್ತರಗಳಲ್ಲಿ ಒಂದು 18,40,000, ಇನ್ನೊಂದು 21,20,000. ಅಂತರ 2,80,000. ಆದರೆ ಮೊದಲನೆಯದರಲ್ಲಿ ಹೋಲ್ಡರ್ ಸೆಟ್ 65,000, ಕನ್ವೇಯರ್ 1,35,000, ಸ್ಟೆಬಿಲೈಸರ್ 70,000, ಸಾಗಣೆ 40,000 ಹೊರಗಿದ್ದವು. ಸೇರಿಸಿದರೆ 21,50,000. ಎರಡನೆಯದರಲ್ಲಿ ಸ್ಟೆಬಿಲೈಸರ್ ಒಂದೇ ಹೊರಗೆ, ಒಟ್ಟು 21,90,000. ಹೀಗೆ ಅಂತರ 40,000ಕ್ಕೆ ಇಳಿಯಿತು. ಮೂರನೆಯದು ನಮ್ಮ ಕೈಗೆ ಎಟುಕದಷ್ಟು ಮೇಲಿತ್ತು. 18% ಜಿಎಸ್‌ಟಿ ಎಲ್ಲರಿಗೂ ಒಂದೇ, ಇನ್‌ಪುಟ್ ಕ್ರೆಡಿಟ್ ಸಿಗುವುದರಿಂದ ಹೋಲಿಕೆಯಲ್ಲಿ ಅದನ್ನು ಬಿಟ್ಟೆ. ಬ್ಯಾಂಕಿನಲ್ಲಿ ಲೋನ್ ಮಂಜೂರಾಗಲು ಹೊತ್ತು ಬೇಕಾದ್ದರಿಂದ ಕೊಟೇಷನ್ 60 ದಿನ ಊರ್ಜಿತವಾಗಿರಬೇಕೆಂದೂ ಬರೆದಿದ್ದೆ.

ಡೆಲಿವರಿ ಬಗ್ಗೆ "ಎಂಟು ವಾರ" ಎಂದು ಬಂದರೆ ಅದು ಯಾವ ದಿನದಿಂದ ಎಂಬುದನ್ನು ಮೊದಲು ನೋಡಬೇಕು. ನಮ್ಮ ಪರ್ಚೇಸ್ ಆರ್ಡರ್, ಅಂದರೆ ಪಿಒ, ತಲುಪಿದ ದಿನದಿಂದಲೋ, ಅಡ್ವಾನ್ಸ್ ಜಮೆಯಾದ ದಿನದಿಂದಲೋ, ಡ್ರಾಯಿಂಗ್ ಬಗ್ಗೆ ಎಲ್ಲ ಸಂಶಯ ತೀರಿದ ದಿನದಿಂದಲೋ? ಕೊನೆಯದನ್ನು ಬರೆದಿದ್ದರೆ ಒಂದು ಸಂಶಯದ ಇಮೇಲ್ ಸಾಕು, ವಾರಗಳ ಎಣಿಕೆ ಮತ್ತೆ ಹೊಸದಾಗಿ ಆಗುತ್ತದೆ. ಅಡ್ವಾನ್ಸ್ ಜಮೆಯಾದ ದಿನವೇ ಮೊದಲ ದಿನ ಎಂದು ನಾನು ಬರೆದೆ, ತಡವಾದರೆ ವಾರಕ್ಕೆ ಅರ್ಧ ಪರ್ಸೆಂಟ್, ಗರಿಷ್ಠ 5% ಕಡಿತ ಎಂದು ಕೇಳಿದೆ. ಕಡಿತಕ್ಕೆ ಒಬ್ಬರೂ ಒಪ್ಪಲಿಲ್ಲ. ಒಂದೇ ಮಷಿನ್ ಕೊಳ್ಳುವ ಗಿರಾಕಿಗೆ ಅದು ಸಿಗುವುದು ಕಷ್ಟ. ಆದರೂ ಕೇಳಿದ್ದರಿಂದ ಒಬ್ಬರು ಒಂಬತ್ತು ವಾರ ಎಂದು ಪ್ರಾಮಾಣಿಕವಾಗಿ ತಿದ್ದಿಕೊಂಡರು, ಅದು ನನಗೆ ಹಿಡಿಸಿತು.

ಎಕ್ಸ್-ವರ್ಕ್ಸ್ ಎಂದಿದ್ದರೆ ಅವರ ಗೇಟ್ ದಾಟಿದ ಮೇಲೆ ಎಲ್ಲ ಹೊಣೆ ನಮ್ಮದೇ. ಬೊಮ್ಮಸಂದ್ರದಿಂದ ಪೀಣ್ಯಕ್ಕೆ ಬಂದರೂ ಅಷ್ಟೇ. ನಮ್ಮ ಗಲ್ಲಿಯಲ್ಲಿ ಕ್ರೇನ್ ತಿರುಗುವುದಿಲ್ಲ ಎಂದು ಶೆಡ್ಡಿನ ಹಿರಿಯ ಟರ್ನರ್ ಎಚ್ಚರಿಸಿದ್ದರಿಂದ, ಮಷಿನ್ ತೂಕ, ಎತ್ತರ, ಅಗಲ, ಫೌಂಡೇಷನ್ ಡ್ರಾಯಿಂಗ್ ಕೊಟೇಷನ್ ಜೊತೆಗೇ ಬೇಕೆಂದು ಕೇಳಿದೆ. ರೋಲಿಂಗ್ ಶಟರ್‌ಗಿಂತ ಮಷಿನ್ ಎತ್ತರವಿದೆಯೇ ಎಂಬುದು ಲಾರಿ ಬಂದು ನಿಂತ ಮೇಲೆ ತಿಳಿಯುವ ವಿಷಯವಲ್ಲ.

ವಾರಂಟಿಯಲ್ಲೇ ನನ್ನ ತೀರ್ಮಾನ ಆಗಿದ್ದು. ಕಡಿಮೆ ಬೆಲೆಯವರು ಬರೆದಿದ್ದು ಹೀಗೆ: ಕಮಿಷನಿಂಗ್‌ನಿಂದ 12 ತಿಂಗಳು ಅಥವಾ ರವಾನೆಯಿಂದ 13 ತಿಂಗಳು, ಯಾವುದು ಮೊದಲೋ ಅದು. ನಮಗೆ ಹೆಚ್ಚುವರಿ ಪವರ್ ಲೋಡ್‌ನ ಮಂಜೂರಾತಿ ಬೆಸ್ಕಾಂನಿಂದ ಇನ್ನೂ ಬರಬೇಕಿತ್ತು. ಅದಕ್ಕೆ ಮೂರು ತಿಂಗಳು ಹಿಡಿದರೆ ವಾರಂಟಿಯಲ್ಲಿ ಉಳಿಯುವುದು ಹತ್ತು ತಿಂಗಳು. ಫೋನ್ ಮಾಡಿ ಕೇಳಿದೆ.

"ಸಾರ್, ಅದು ನಮ್ಮ ಸ್ಟ್ಯಾಂಡರ್ಡ್ ಕಂಡೀಷನ್. ನೀವು ಕರೆದ ದಿನವೇ ಬಂದು ಕಮಿಷನ್ ಮಾಡ್ತೀವಿ" ಅಂದರು ಸೇಲ್ಸ್ ಎಂಜಿನಿಯರ್.

"ಕರೆಂಟ್ ಬರದೆ ಕರೆದು ಏನ್ ಮಾಡ್ಲಿ? 13ನ್ನ 18 ಮಾಡಿ ಕೊಡಿ ಸಾರ್, ನಿಮಗೂ ನ್ಯಾಯ, ನಮಗೂ ನ್ಯಾಯ."

ಅವರು 15ಕ್ಕೆ ಬಂದು ನಿಂತರು. ಎರಡನೆಯವರು ಕೇಳದೆಯೇ 18 ಕೊಟ್ಟಿದ್ದರು. ಜೊತೆಗೆ ದೂರು ಕೊಟ್ಟ 24 ಗಂಟೆಯೊಳಗೆ ಎಂಜಿನಿಯರ್ ಬರುವುದು, ಬ್ರೇಕ್‌ಡೌನ್‌ನಲ್ಲಿ ನಿಂತಷ್ಟು ದಿನ ವಾರಂಟಿ ಮುಂದುವರಿಯುವುದು, ಎರಡನ್ನೂ ಬರೆದು ಒಪ್ಪಿದ್ದರು. ವಾರಂಟಿಯಿಂದ ಏನು ಹೊರಗಿದೆ ಎಂಬ ಪಟ್ಟಿಯನ್ನೂ ನಾನು ಕೇಳಿದ್ದೆ: ಬೆಲ್ಟ್, ಫಿಲ್ಟರ್, ಬ್ಯಾಟರಿ ಸಹಜ. ಇಬ್ಬರೂ ವೋಲ್ಟೇಜ್ ಏರಿಳಿತದಿಂದ ಡ್ರೈವ್ ಸುಟ್ಟರೆ ಹೊಣೆಯಲ್ಲ ಎಂದು ಬರೆದಿದ್ದರು. ಸ್ಟೆಬಿಲೈಸರ್ ಕೊಳ್ಳದೆ ದುಡ್ಡು ಉಳಿಸಿದರೆ ವಾರಂಟಿಯ ಬಹುಪಾಲು ಅಲ್ಲೇ ಕಳೆದುಹೋಗುತ್ತದೆ.

40,000 ಹೆಚ್ಚು ಕೊಟ್ಟು ಎರಡನೆಯವರಿಗೇ ಆರ್ಡರ್ ಕೊಟ್ಟೆ. ಪಿಒನಲ್ಲಿ ನನ್ನ ಪತ್ರದ ದಿನಾಂಕ, ಅವರ ಉತ್ತರದ ದಿನಾಂಕ ಎರಡನ್ನೂ ನಮೂದಿಸಿ, ಅವು ಈ ಆರ್ಡರ್‌ನ ಭಾಗವೆಂದೂ, ಅವರ ಇನ್‌ವಾಯ್ಸ್ ಹಿಂಬದಿಯ ಮುದ್ರಿತ ಷರತ್ತುಗಳಿಗೂ ಇವಕ್ಕೂ ವ್ಯತ್ಯಾಸ ಬಂದರೆ ಇವೇ ನಿಲ್ಲುತ್ತವೆಂದೂ ಬರೆದು, ಒಂದು ಪ್ರತಿಗೆ ಅವರ ಸಹಿ, ಸೀಲು ಹಾಕಿಸಿಕೊಂಡ ಮೇಲೆಯೇ ಅಡ್ವಾನ್ಸ್ ಕಳಿಸಿದೆ.