ಶಾಲೆಗೆ ಯೂನಿಫಾರ್ಮ್ ಕೊಟೇಶನ್: ಸರಾಸರಿ ದರ ಬರೆದರೆ ನಷ್ಟ ನಿಮಗೇ

ಫೆಬ್ರುವರಿ ಬಂತೆಂದರೆ ಸಾಗರ, ತೀರ್ಥಹಳ್ಳಿ, ಹೊಸನಗರದ ಟೈಲರಿಂಗ್ ಅಂಗಡಿಗಳಿಂದ ಶಾಲೆಗಳಿಗೆ ಕೊಟೇಶನ್ ಹೋಗತೊಡಗುತ್ತವೆ. ಹೆಚ್ಚಿನವು ಹಳೇ ಪತ್ರದ ತಾರೀಖು ತಿದ್ದಿದವು. ‘ಶರ್ಟ್ ಒಂದಕ್ಕೆ ಇಷ್ಟು’ ಎಂಬ ಒಂದೇ ಸಾಲು, ಕೊನೆಗೆ ‘ಆದಷ್ಟು ಬೇಗ ತಲುಪಿಸುತ್ತೇವೆ’. ಜೂನ್‌ನಲ್ಲಿ ಜಗಳ ಹುಟ್ಟುವುದು ಈ ಎರಡು ಮಾತಿನಿಂದಲೇ.

ಪತ್ರದ ತಲೆಭಾಗ ಸುಲಭ: ಅಂಗಡಿಯ ವಿಳಾಸ, ತಾರೀಖು, ‘ಮಾನ್ಯ ಮುಖ್ಯೋಪಾಧ್ಯಾಯರಿಗೆ’, ವಿಷಯ, ‘ಈ ದರ 30 ದಿನ ಮಾತ್ರ ಅನ್ವಯ’ ಎಂಬ ಸಾಲು. ಬಟ್ಟೆಯ ವಿವರವನ್ನು ‘ಒಳ್ಳೆಯ ಗುಣಮಟ್ಟ’ ಎಂದು ಮುಗಿಸಬೇಡಿ. ‘67% ಪಾಲಿಯೆಸ್ಟರ್, 33% ಹತ್ತಿ, ತಿಳಿ ನೀಲಿ’ ಎಂದು ಬರೆದು, ತುಂಡೊಂದನ್ನು ಪಿನ್ ಮಾಡಿ. ಅದೇ ಥಾನಿನ ಇನ್ನೊಂದು ತುಂಡಿನ ಮೇಲೆ ಶಾಲೆಯ ಸಹಿ ಪಡೆದು ನಿಮ್ಮಲ್ಲಿಟ್ಟುಕೊಳ್ಳಿ. ಅಪ್ಪಟ ಹತ್ತಿ ಬೇಕೆಂದು ಶಾಲೆಯವರು ಹೇಳಿದರೂ ಮಲೆನಾಡಿಗೆ ಮಿಶ್ರ ಬಟ್ಟೆಯೇ ಸರಿ. ಜುಲೈ ಮಳೆಯಲ್ಲಿ ಹತ್ತಿ ಶರ್ಟ್ ಎರಡು ದಿನವಾದರೂ ಒಣಗುವುದಿಲ್ಲ. ಕಾಲರಿಗೆ ಅಗ್ಗದ ಫ್ಯೂಸಿಂಗ್ ಹಾಕಿ ದರ ಇಳಿಸುವ ಉಪಾಯವಂತೂ ಬೇಡವೇ ಬೇಡ. ನಾಲ್ಕು ಸಲ ಒಗೆದರೆ ಕಾಲರ್ ಮೇಲೆ ಗುಳ್ಳೆ ಏಳುತ್ತದೆ.

ಇನ್ನು ದರದ ಪಟ್ಟಿ. ಮೊದಲು ‘ನಂಬರ್’ ಅಂದರೆ ಏನೆಂದು ಬರೆಯಿರಿ. ಕೆಲವರಿಗೆ ನಂಬರ್ 32 ಅಂದರೆ ಮಗುವಿನ ಎದೆಯ ಅಳತೆ, ಕೆಲವರಿಗೆ ಹೊಲಿದ ಶರ್ಟಿನ ಸುತ್ತಳತೆ. ಎರಡರ ನಡುವೆ ನಾಲ್ಕು ಇಂಚಿನಷ್ಟು ಅಂತರವಿರುತ್ತದೆ. ಆದ್ದರಿಂದ ಪ್ರತಿ ನಂಬರಿನ ಮುಂದೆ ಹೊಲಿದ ಶರ್ಟಿನ ಎದೆ ಸುತ್ತು, ಉದ್ದ ಎರಡನ್ನೂ ಇಂಚಿನಲ್ಲಿ ಕೊಡಿ. ಆಮೇಲೆ ‘ಬಿಗಿ ಆಯ್ತು’ ಎಂಬ ದೂರು ಬಂದರೆ ಟೇಪ್ ಹಿಡಿದು ತೋರಿಸಬಹುದು.

ದರವನ್ನು ನಂಬರಿಗೆ ತಕ್ಕಂತೆ ಏರಿಸಬೇಕು. ಉದಾಹರಣೆಗೆ 24ನೇ ನಂಬರಿಗೆ 270 ರೂಪಾಯಿ ಇಟ್ಟು, ಮುಂದಿನ ಪ್ರತಿ ನಂಬರಿಗೆ 15 ರೂಪಾಯಿ ಸೇರಿಸಿ ಎನ್ನೋಣ. 32ಕ್ಕೆ 330, 34ಕ್ಕೆ 345, 36ಕ್ಕೆ 360, 38ಕ್ಕೆ 375 ಆಗುತ್ತದೆ. 24ರಿಂದ 38ರವರೆಗಿನ ಸರಾಸರಿ 322.50. ಇದನ್ನೇ ಏಕದರವೆಂದು ಬರೆದಿರಿ, ಆರ್ಡರ್ ಬಂದದ್ದು 150 ಮಕ್ಕಳ ಪ್ರೌಢಶಾಲೆಯಿಂದ, ತಲಾ ಎರಡರಂತೆ 300 ಶರ್ಟ್. ಅಲ್ಲಿ ಚಿಕ್ಕ ನಂಬರುಗಳೇ ಇಲ್ಲ: 32ರವು 60, 34ರವು 120, 36ರವು 90, 38ರವು 30. ನಂಬರಿನ ದರದಲ್ಲಿ ಒಟ್ಟು 1,04,850 ರೂಪಾಯಿ, ಏಕದರದಲ್ಲಿ 96,750. ಕೈಬಿಟ್ಟದ್ದು 8,100. ‘24ರಿಂದ 28ಕ್ಕೆ ಒಂದು ದರ, 30ರಿಂದ 34ಕ್ಕೆ ಒಂದು’ ಎಂದು ಗುಂಪು ಮಾಡುವುದೂ ನನಗೆ ಒಪ್ಪಿಗೆಯಿಲ್ಲ. 28ರಿಂದ 30ಕ್ಕೆ ಹೋದ ಮಗುವಿನ ಮನೆಯವರಿಗೆ ಆ ಜಿಗಿತವೇ ಕಣ್ಣಿಗೆ ಬೀಳುತ್ತದೆ.

ದರದ ಕೆಳಗೆ ಜಿಎಸ್‌ಟಿ ಸೇರಿದೆಯೋ ಪ್ರತ್ಯೇಕವೋ ಬರೆಯಿರಿ. ನೀವು ಕಾಂಪೊಸಿಷನ್ ಸ್ಕೀಮಿನಲ್ಲಿದ್ದರೆ ಬಿಲ್ಲಿನಲ್ಲಿ ತೆರಿಗೆಯನ್ನು ಬೇರೆಯಾಗಿ ವಸೂಲು ಮಾಡುವಂತಿಲ್ಲ, ಹಾಗಾಗಿ ದರದಲ್ಲೇ ಸೇರಿಸಿಕೊಳ್ಳಿ.

ತಲುಪಿಸುವ ದಿನವನ್ನು ಹಿಂದಿನಿಂದ ಎಣಿಸಿ. ಮೇ 25ಕ್ಕೆ ಶರ್ಟ್ ಶಾಲೆಯಲ್ಲಿರಬೇಕು ಎಂದಿಟ್ಟುಕೊಳ್ಳಿ. ಮೂವರು ಟೈಲರ್‌ಗಳು ದಿನಕ್ಕೆ ತಲಾ ಎಂಟು ಶರ್ಟ್ ಹೊಲಿದರೆ 300ಕ್ಕೆ 13 ದಿನ. ಬಟ್ಟೆ ತರಿಸಲು 10, ಕಟಿಂಗ್‌ಗೆ 2, ಕಾಜ, ಗುಂಡಿ, ಇಸ್ತ್ರಿ, ಪ್ಯಾಕಿಂಗ್‌ಗೆ 4. ಒಟ್ಟು 29, ನಾಲ್ಕು ಭಾನುವಾರ ಸೇರಿದರೆ 33. ಏಪ್ರಿಲ್-ಮೇ ತಿಂಗಳ ಗಾಳಿಮಳೆಗೆ ಮರ ಬಿದ್ದು ಕರೆಂಟ್ ಹೋಗುವುದು ಇಲ್ಲಿ ಹೊಸದಲ್ಲ, ಅದಕ್ಕೊಂದು ವಾರ. ಅಂದರೆ 40 ದಿನ, ಏಪ್ರಿಲ್ 15ಕ್ಕೆ ಕೆಲಸ ಶುರುವಾಗಲೇಬೇಕು. ಅಷ್ಟೊತ್ತಿಗೆ ಮಕ್ಕಳು ಬೇಸಿಗೆ ರಜೆಗೆ ಅಜ್ಜಿಮನೆ ಸೇರಿರುತ್ತಾರೆ. ಹಾಗಾಗಿ ಅಳತೆ ಮಾರ್ಚ್‌ನಲ್ಲೇ ಮುಗಿಯಬೇಕು, ಬೆಳೆಯುವ ಮಕ್ಕಳಿಗೆ ಒಂದು ನಂಬರ್ ದೊಡ್ಡದು ಬರೆದುಕೊಳ್ಳಬೇಕು.

ಪತ್ರದಲ್ಲಿ ಸಾಲು ಹೀಗಿರಲಿ: ‘ನಂಬರುವಾರು ಅಂತಿಮ ಪಟ್ಟಿ ಹಾಗೂ ಶೇ 50 ಮುಂಗಡ, ಈ ಎರಡೂ ಕೈಸೇರಿದ ದಿನದಿಂದ 40 ದಿನಗಳೊಳಗೆ ತರಗತಿವಾರು ಕಟ್ಟಿ ಶಾಲೆಗೆ ತಲುಪಿಸಲಾಗುವುದು.’ ‘ಆರ್ಡರ್ ದಿನದಿಂದ’ ಎಂದು ಬರೆದರೆ, ಶಾಲೆ ಪಟ್ಟಿ ಕೊಡಲು ಮಾಡಿದ ತಡವೂ ನಿಮ್ಮ ಲೆಕ್ಕಕ್ಕೇ ಬೀಳುತ್ತದೆ.

ಜೂನ್‌ನಲ್ಲಿ ಹೊಸದಾಗಿ ಸೇರುವ ಮಕ್ಕಳಿಗೆಂದು ಬಟ್ಟೆಯನ್ನು ಶೇ 5ರಷ್ಟು ಹೆಚ್ಚಿಗೆ ತರಿಸಿಡಿ. ಆಮೇಲೆ ತರಿಸಿದ ಥಾನಿನ ಬಣ್ಣ ತುಸು ಬೇರೆಯಾಗಿ, ಪ್ರಾರ್ಥನೆಯ ಸಾಲಿನಲ್ಲಿ ಎದ್ದು ಕಾಣುವ ಸಾಧ್ಯತೆಯೇ ಹೆಚ್ಚು. ಬದಲಾವಣೆಗೆ 15 ದಿನದ ಗಡುವು, ಒಗೆಯದ ಶರ್ಟಿಗೆ ಮಾತ್ರ ಎಂಬುದನ್ನೂ ಸೇರಿಸಿ. ಪತ್ರವನ್ನು ಎರಡು ಪ್ರತಿ ಒಯ್ದು, ಒಂದರ ಮೇಲೆ ಕಚೇರಿಯ ಸೀಲು, ತಾರೀಖು ಹಾಕಿಸಿಕೊಂಡೇ ಬನ್ನಿ.