ಡರ್ಖೈಮ್ ಪಾಠಕ್ಕೆ ನಾನು ಮಾಡಿದ ಬಿಟ್ಟ ಸ್ಥಳದ ಹಾಳೆಗಳು

ಬಿಟ್ಟ ಸ್ಥಳ ತುಂಬುವುದು ಒಂದಂಕದ ಪ್ರಶ್ನೆಗೆ ಸರಿ, ಹತ್ತಂಕದ ಉತ್ತರ ಬರೆಯುವವರಿಗೆ ಅದರಿಂದೇನು ಪ್ರಯೋಜನ ಎಂದು ಜೊತೆಯ ಅಧ್ಯಾಪಕರು ಕೇಳುತ್ತಲೇ ಇದ್ದರು. ಈಗ ಅವರೇ ನನ್ನ ಹಾಳೆಗಳನ್ನು ಕೇಳಿ ಒಯ್ಯುತ್ತಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಆರಿಸಿಕೊಂಡದ್ದು ಸಮಾಜಶಾಸ್ತ್ರಜ್ಞ ಎಮಿಲ್ ಡರ್ಖೈಮ್ 1893ರಲ್ಲಿ ಮಂಡಿಸಿದ ಶ್ರಮವಿಭಜನೆಯ ಸಿದ್ಧಾಂತದ ಅಧ್ಯಾಯ. ಎಲ್ಲವೂ ಉದ್ದುದ್ದ ಪ್ಯಾರಾ. ಮೊದಲ ಸಲ ದಪ್ಪಕ್ಷರದ ಪರಿಭಾಷೆಗಳನ್ನೆಲ್ಲ ತೆಗೆದು, ಕೆಳಗೆ ಪದಗಳ ಪಟ್ಟಿ ಕೊಟ್ಟೆ. ತರಗತಿಯ ಮುಕ್ಕಾಲು ಪಾಲು ಪೂರ್ತಿ ಸರಿ ಬರೆದರು. ಆದರೆ ಅದೇ ವಾರದ ಪ್ರಬಂಧದಲ್ಲಿ ಏನೂ ಸುಧಾರಿಸಿರಲಿಲ್ಲ.

ಕಾರಣ ಹುಡುಕಲು ಆ ಹಾಳೆಯನ್ನು ವಾಣಿಜ್ಯಶಾಸ್ತ್ರ ಕಲಿಸುವ ಸ್ನೇಹಿತರಿಗೆ ಕೊಟ್ಟೆ. ಪಾಠ ಓದದೆಯೇ ಅವರು ಅರ್ಧಕ್ಕಿಂತ ಹೆಚ್ಚು ತುಂಬಿದರು. ಹೇಗೆಂದು ಕೇಳಿದಾಗ ಗುಟ್ಟು ತಿಳಿಯಿತು: ಪ್ರತ್ಯಯಗಳೇ ಉತ್ತರ ಹೇಳುತ್ತಿದ್ದವು. ಗೆರೆಯ ಮುಂದೆ ‘ಕ್ಕೆ’ ಉಳಿದಿದ್ದರೆ ಪದ ಅಕಾರದಲ್ಲಿ ಮುಗಿಯಬೇಕು, ‘ಯಿಂದ’ ಇದ್ದರೆ ‘ಐಕ್ಯತೆ’, ‘ಪ್ರಜ್ಞೆ’ಯಂಥದ್ದೇ ಬರಬೇಕು. ಅದೇ ಪದ ಎರಡು ಸಾಲಿನ ಕೆಳಗೆ ಮತ್ತೆ ಬಂದು ಇನ್ನಷ್ಟು ಸುಲಭ ಮಾಡಿತ್ತು. ಪಟ್ಟಿಯಲ್ಲಿ ಖಾಲಿ ಜಾಗಗಳಷ್ಟೇ ಪದಗಳಿದ್ದುದರಿಂದ ಕೊನೆಯವು ತಾವಾಗಿಯೇ ತುಂಬಿಕೊಂಡವು.

ಆಮೇಲೆ ಪ್ರತ್ಯಯವನ್ನೂ ಪದದ ಜೊತೆಗೇ ತೆಗೆದೆ, ಗೆರೆಗಳನ್ನೆಲ್ಲ ಒಂದೇ ಉದ್ದಕ್ಕೆ ತಂದೆ, ಮರುಕಳಿಸುವ ಪದಕ್ಕೆ ಎಲ್ಲೆಡೆ ಒಂದೇ ಸಂಖ್ಯೆ ಕೊಟ್ಟೆ. ಕಂಪ್ಯೂಟರಿನಲ್ಲಿ ಹುಡುಕಿ ಬದಲಿಸುವುದನ್ನು ಪೂರ್ತಿ ನಂಬಬೇಡಿ. ‘ಕಾನೂನು’ ಎಂದು ಹುಡುಕಿದರೆ ‘ಕಾನೂನಿನ’ ಸಿಗುವುದಿಲ್ಲ. ‘ಕಾನೂನ’ ಎಂದಷ್ಟೇ ಹುಡುಕಿ ಬದಲಿಸಿದರೆ ಗೆರೆಯ ಪಕ್ಕದಲ್ಲಿ ಬರೀ ಕೊಂಬೋ ಗುಡಿಸೋ ಅನಾಥವಾಗಿ ಉಳಿಯುತ್ತದೆ. ಕೊನೆಗೆ ಕಣ್ಣಿನಿಂದಲೇ ಒಮ್ಮೆ ಸೋಸಬೇಕು.

ಇಷ್ಟಾದರೂ ಹಾಳೆ ಪರೀಕ್ಷಿಸುತ್ತಿದ್ದುದು ನೆನಪನ್ನು ಮಾತ್ರ. ನಿಜವಾಗಿ ಫಲ ಕೊಟ್ಟದ್ದು ಒಂದೇ ಪ್ಯಾರಾಕ್ಕೆ ಎರಡು ಹಾಳೆ ಮಾಡಿದ್ದು. ಮೊದಲನೆಯದರಲ್ಲಿ ಪರಿಭಾಷೆ ಮಾಯ, ಕಾರಣ ಉಳಿದಿರುತ್ತದೆ:

‘ಜನರ ನಡುವಿನ ಸಾಮ್ಯವೇ ಸಮಾಜವನ್ನು ಹಿಡಿದಿಟ್ಟರೆ ಅದು (1) ______. ಅಲ್ಲಿ ತಪ್ಪಿತಸ್ಥನನ್ನು ಶಿಕ್ಷಿಸುವ (2) ______ ಮೇಲುಗೈ ಪಡೆಯುತ್ತದೆ.’

ಇಲ್ಲಿ ಯಾಂತ್ರಿಕ ಐಕ್ಯತೆ, ದಮನಕಾರಿ ಕಾನೂನು ಎಂದು ಬರಬೇಕು. ಎರಡನೆಯದರಲ್ಲಿ ಪರಿಭಾಷೆ ಉಳಿಯುತ್ತದೆ, ಕಾರಣ ಮಾಯ:

‘ಯಾಂತ್ರಿಕ ಐಕ್ಯತೆಯಲ್ಲಿ ಜನರನ್ನು ಬೆಸೆಯುವುದು ಅವರ ನಡುವಿನ (1) ______. ಸಾವಯವ ಐಕ್ಯತೆಯಲ್ಲಿ ಬೆಸೆಯುವುದು (2) ______ ಮತ್ತು ಅದರಿಂದ ಹುಟ್ಟುವ ಪರಸ್ಪರ ಅವಲಂಬನೆ. ಅಲ್ಲಿ ಕಾನೂನಿನ ಮುಖ್ಯ ಗುರಿ (3) ______.’

ಇಲ್ಲಿ ಸಾಮ್ಯ, ಭಿನ್ನತೆ, ಕೆಟ್ಟದ್ದನ್ನು ಮೊದಲಿನ ಸ್ಥಿತಿಗೆ ತರುವುದು ಎಂದು ಬರಬೇಕು. ಸುಮಾರು ಅರ್ಧದಷ್ಟು ಮಂದಿ ಮೊದಲೆರಡನ್ನು ಅದಲುಬದಲು ಮಾಡಿದರು. ಯಂತ್ರವೆಂದರೆ ಕಾರ್ಖಾನೆ, ಕಾರ್ಖಾನೆ ಎಂದರೆ ಆಧುನಿಕ ಸಮಾಜ ಎಂಬುದು ಅವರ ಲೆಕ್ಕ. ಡರ್ಖೈಮ್ ಹೇಳುವುದು ಬೇರೆ: ನಿರ್ಜೀವ ವಸ್ತುವಿನ ಅಣುಗಳು ಒಟ್ಟಾಗಿ ಚಲಿಸುವಂತೆ ಒಂದೇ ಥರದ ಜನ ಒಟ್ಟಿಗಿರುವುದು ಯಾಂತ್ರಿಕ, ದೇಹದ ಅಂಗಗಳಂತೆ ಬೇರೆ ಬೇರೆ ಕೆಲಸ ಮಾಡುತ್ತ ಒಂದನ್ನೊಂದು ನೆಚ್ಚಿರುವುದು ಸಾವಯವ. ಮೊದಲ ಹಾಳೆಯಲ್ಲಿ ಈ ಗೊಂದಲ ಎಂದೂ ಕಾಣಿಸಿರಲಿಲ್ಲ. ಎರಡನೆಯ ಹಾಳೆಯ ನಂತರದ ಪ್ರಬಂಧಗಳಲ್ಲಿ ‘ಏಕೆಂದರೆ’ ಬರತೊಡಗಿತು. ಅದನ್ನು ಓದಿದಾಗಿನ ನನ್ನ ಖುಷಿಗೆ ಪಾರವಿರಲಿಲ್ಲ.

ಎಷ್ಟು ಪದ ತೆಗೆಯಬೇಕು? ನನ್ನ ಅಂದಾಜಿನಲ್ಲಿ ಇಡೀ ಹಾಳೆಯ ಮೇಲೆ ಸರಾಸರಿ ಇಪ್ಪತ್ತೈದು ಮೂವತ್ತು ಪದಕ್ಕೊಂದು. ಅದಕ್ಕಿಂತ ದಟ್ಟವಾದರೆ ವಾಕ್ಯವೇ ಕುಸಿಯುತ್ತದೆ. 1953ರಲ್ಲಿ ವಿಲ್ಸನ್ ಟೇಲರ್ ರೂಪಿಸಿದ ಕ್ರಮದಂತೆ ಐದು ಪದಕ್ಕೊಂದು ತೆಗೆದೂ ನೋಡಿದೆ. ಅದು ಓದುವಿಕೆಯ ಮಟ್ಟ ಅಳೆಯುವ ಸಾಧನ, ನಮ್ಮ ಕೆಲಸಕ್ಕೆ ಒಗ್ಗಲಿಲ್ಲ. ಪಟ್ಟಿಯಲ್ಲಿ ಮೂರ್ನಾಲ್ಕು ಹೆಚ್ಚುವರಿ ಪದಗಳಿರಲಿ. ಅವನ್ನು ಎಲ್ಲಿಂದ ಆರಿಸುತ್ತೇನೆ ಎಂಬುದನ್ನು ಸದ್ಯ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಖರ್ಚು ಮೊದಲು ಕೈ ಕಚ್ಚಿತು, ಜೆರಾಕ್ಸ್ ಎಲ್ಲ ನನ್ನ ಜೇಬಿನದೇ. ಹಾಳೆಗಳನ್ನು ಪಾರದರ್ಶಕ ಕವರಿಗೆ ಹಾಕಿ, ಅಳಿಸಬಹುದಾದ ಪೆನ್ನು ಕೊಟ್ಟೆ. ಆದರೆ ತಪ್ಪುಗಳೂ ಅಳಿಸಿಹೋಗಿ, ಯಾರು ಎಲ್ಲಿ ಎಡವಿದರೆಂದು ತಿಳಿಯದಾಯಿತು. ಈಗ ಹಾಳೆಯ ಮೇಲೆ ಯಾರೂ ಬರೆಯುವುದಿಲ್ಲ, ಚೀಟಿಯಲ್ಲಿ ಸಂಖ್ಯೆ ಹಾಕಿ ಉತ್ತರ ಬರೆದು ಕೊಡುತ್ತಾರೆ. ಒಂದೇ ಕಟ್ಟು ಹಲವು ತರಗತಿಗೆ ಬರುತ್ತದೆ, ಖರ್ಚು ಕಾಲು ಭಾಗಕ್ಕೆ ಇಳಿದಿದೆ.

ನಡುವೆ ವಿದ್ಯಾರ್ಥಿಗಳಿಂದಲೇ ಹಾಳೆ ಮಾಡಿಸಿದೆ. ಹೆಚ್ಚಿನವರು ತೆಗೆದದ್ದು ‘ಡರ್ಖೈಮ್’ ಮತ್ತು ‘1893’. ಸಮಾಜದ ಜನ ಹಂಚಿಕೊಂಡ ನಂಬಿಕೆ, ಭಾವನೆಗಳನ್ನು ಸೂಚಿಸುವ ‘ಸಾಮೂಹಿಕ ಪ್ರಜ್ಞೆ’ಯನ್ನು ಮುಟ್ಟಿದವರು ಬೆರಳೆಣಿಕೆಯಷ್ಟು. ಪಾಠದಲ್ಲಿ ಯಾವುದು ಮುಖ್ಯವೆಂದು ಅವರು ತಿಳಿದಿದ್ದಾರೆ ಎಂಬುದು ಅಲ್ಲೇ ಬಯಲಾಯಿತು, ಮರುದಿನದ ಪಾಠವನ್ನು ಅಲ್ಲಿಂದಲೇ ಶುರುಮಾಡಿದೆ.

ಡರ್ಖೈಮ್‌ನ ಮೇಲಿನ ಟೀಕೆಗಳ ಪ್ಯಾರಾಗಳಿಗೆ ಮಾತ್ರ ಈ ಹಾಳೆ ಹೊಂದುವುದಿಲ್ಲ. ಅಲ್ಲಿ ಒಂದು ಖಾಲಿ ಜಾಗಕ್ಕೆ ಮೂರು ಸರಿಯುತ್ತರ ಬರುತ್ತವೆ, ಮೌಲ್ಯಮಾಪನದಲ್ಲಿ ವಾದ ಮುಗಿಯುವುದಿಲ್ಲ. ಆ ಭಾಗವನ್ನು ಹಾಗೆಯೇ ಓದಿಸಿ ಚರ್ಚೆಗೆ ಬಿಡುತ್ತೇನೆ.